180 ಸೀಟು, 187 ಟಿಕೆಟ್: ಎಲ್ಲರೂ ಬಂದುಬಿಟ್ಟರೆ?

ವಿಮಾನದಲ್ಲಿ ಇರುವುದು 180 ಸೀಟು. ಕಂಪನಿ ಮಾರಿದ್ದು 187 ಟಿಕೆಟ್. ಇಲ್ಲದ ಏಳು ಸೀಟು ಮಾರಿ ದುಡ್ಡು ಮಾಡಿಕೊಳ್ಳುವುದು ಮೋಸವಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಇದನ್ನು ವಿಮಾನಯಾನ ಕಂಪನಿಗಳು ದಶಕಗಳಿಂದ ಬಹಿರಂಗವಾಗಿಯೇ ಮಾಡುತ್ತಿವೆ. ಭಾರತದಲ್ಲೂ ಇದಕ್ಕೆ ನಿಷೇಧವಿಲ್ಲ, ನಿಯಮವಿದೆ. ಇದರ ಹೆಸರು ಓವರ್‌ಬುಕಿಂಗ್.

ಕಾರಣ ಸರಳ. ಟಿಕೆಟ್ ತೆಗೆದುಕೊಂಡವರೆಲ್ಲ ಬರುವುದಿಲ್ಲ. ಒಬ್ಬರು ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ, ಇನ್ನೊಬ್ಬರ ಮೀಟಿಂಗ್ ಮುಂದಕ್ಕೆ ಹೋಗುತ್ತದೆ, ಮತ್ತೊಬ್ಬರಿಗೆ ಜ್ವರ. ಇಂಥವರನ್ನು ಆ ಕ್ಷೇತ್ರದಲ್ಲಿ ‘ನೋ-ಶೋ’ ಎನ್ನುತ್ತಾರೆ. ಬಸ್ಸಾದರೆ ದಾರಿಯಲ್ಲಿ ಯಾರನ್ನಾದರೂ ಹತ್ತಿಸಿಕೊಳ್ಳಬಹುದು. ವಿಮಾನದ ಬಾಗಿಲು ಮುಚ್ಚಿದ ಮೇಲೆ ಖಾಲಿ ಸೀಟಿನ ಬೆಲೆ ಸೊನ್ನೆ. ಹಾಗಾಗಿ ‘ಹೇಗೂ ಒಂದಷ್ಟು ಜನ ಬರುವುದಿಲ್ಲ, ಒಂದಷ್ಟು ಹೆಚ್ಚಿಗೆ ಮಾರೋಣ’ ಎಂಬ ಲೆಕ್ಕ ಹುಟ್ಟಿಕೊಂಡಿತು.

ಆ ‘ಒಂದಷ್ಟು’ ಎಂದರೆ ಎಷ್ಟು? ನಾಲ್ಕನೇ ಸೆಮಿಸ್ಟರ್‌ನಲ್ಲಿ ನಾವು ಬೈನಾಮಿಯಲ್ ಡಿಸ್ಟ್ರಿಬ್ಯೂಷನ್ ಓದುವಾಗ ನಾಣ್ಯ ಚಿಮ್ಮಿ, ಕೆಟ್ಟ ಬಲ್ಬ್ ಎಣಿಸಿ ಮಾರ್ಕ್ಸ್ ತೆಗೆದುಕೊಂಡೆವು. ಅದೇ ಸೂತ್ರ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಪೆನ್ನು, ಪೇಪರ್, ಕ್ಯಾಲ್ಕುಲೇಟರ್ ಇದ್ದರೆ ನೀವೂ ಮಾಡಿ ನೋಡಬಹುದು.

ಸರಾಸರಿಯಷ್ಟೇ ಮಾರಿದರೆ ಸಾಲದೇ?

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ವಿಮಾನದಲ್ಲಿ 180 ಸೀಟು. ನಮ್ಮಲ್ಲಿ ದಿನವೂ ಹಾರುವ ಅನೇಕ ಏರ್‌ಬಸ್ ಎ320 ವಿಮಾನಗಳಲ್ಲಿ ಇರುವಷ್ಟೇ. ನೂರು ಜನ ಟಿಕೆಟ್ ಕೊಂಡರೆ ಸರಾಸರಿ ಐದು ಜನ ಬರುವುದಿಲ್ಲ, ತಿಂಗಳುಗಳಿಂದ ಇದು ಹೀಗೇ ಇದೆ ಎಂದುಕೊಳ್ಳಿ. ಟಿಕೆಟ್ ದರ ₹5,000. ಬಾರದವರಿಗೆ ಹಣ ವಾಪಸ್. ಟಿಕೆಟ್ ಇದ್ದೂ ಸೀಟು ಸಿಗದವರೊಬ್ಬರಿಂದ ಕಂಪನಿಗೆ ಆಗುವ ನಷ್ಟ ₹15,000. ಇದರಲ್ಲಿ ಪರಿಹಾರದ ಹಣ, ಬೇರೆ ವಿಮಾನದ ಸೀಟು, ಊಟದ ಖರ್ಚು ಎಲ್ಲ ಸೇರಿದೆ. ಈ ಅಂಕಿಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು. ನಿಮ್ಮದೇ ಅಂಕಿ ಹಾಕಿಯೂ ನೋಡಬಹುದು.

180 ಟಿಕೆಟ್ ಮಾತ್ರ ಮಾರಿದರೆ ಶೇ 5ರಂತೆ ಸರಾಸರಿ 9 ಸೀಟು ಖಾಲಿ ಹೋಗುತ್ತವೆ. ಹಾಗಾದರೆ 9 ಟಿಕೆಟ್ ಹೆಚ್ಚಿಗೆ ಮಾರಿದರೆ ಸರಿಹೋಯಿತಲ್ಲ? ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ ಇದೇ. ನನ್ನ ರೂಮ್‌ಮೇಟ್ ಕೂಡ ತಟ್ಟನೆ ಹೇಳಿದ್ದು ಒಂಬತ್ತೇ.

ತೊಂದರೆ ಇರುವುದು ‘ಸರಾಸರಿ’ ಎಂಬ ಪದದಲ್ಲಿ. ಸರಾಸರಿ 9 ಎಂದರೆ ದಿನವೂ 9 ಎಂದಲ್ಲ. ಒಂದು ದಿನ 12 ಜನ ಬರುವುದಿಲ್ಲ, ಇನ್ನೊಂದು ದಿನ 6 ಜನ ಮಾತ್ರ ಬರುವುದಿಲ್ಲ. 12 ಜನ ಬಾರದ ದಿನ ಮೂರು ಸೀಟು ಖಾಲಿ, ನಷ್ಟ ₹15,000. 6 ಜನ ಮಾತ್ರ ಬಾರದ ದಿನ ಮೂವರು ಕೌಂಟರ್ ಮುಂದೆ ನಿಂತಿರುತ್ತಾರೆ, ನಷ್ಟ ₹45,000. ಎರಡೂ ಕಡೆ ಏರುಪೇರು ಮೂರೇ ಆದರೂ ಪೆಟ್ಟು ಒಂದೇ ಅಲ್ಲ. ಒಂದು ಕಡೆ ಬಿದ್ದರೆ ಹೆಚ್ಚು ನೋವು ಎಂದಾದರೆ ನಾವು ಇನ್ನೊಂದು ಕಡೆಗೆ ಸ್ವಲ್ಪ ವಾಲಿಕೊಂಡೇ ನಡೆಯಬೇಕು. ಅಂದರೆ ಉತ್ತರ 9ಕ್ಕಿಂತ ಕಡಿಮೆ ಇರಬೇಕು.

ಒಂದೊಂದೇ ಟಿಕೆಟ್ ಕೇಳುತ್ತಾ ಹೋಗುವುದು

ಎಷ್ಟು ಕಡಿಮೆ ಎಂದು ತಿಳಿಯಲು ಒಂದು ಸುಲಭ ದಾರಿಯಿದೆ. ‘ಒಟ್ಟು ಎಷ್ಟು ಮಾರಲಿ?’ ಎಂದು ಕೇಳುವ ಬದಲು ‘ಇನ್ನೊಂದು ಮಾರಲೇ?’ ಎಂದು ಪ್ರತಿ ಸಲ ಕೇಳಿಕೊಳ್ಳುವುದು.

ಈಗಾಗಲೇ 186 ಟಿಕೆಟ್ ಮಾರಿಯಾಗಿದೆ, 187ನೆಯದನ್ನು ಕೇಳಿಕೊಂಡು ಒಬ್ಬರು ಬಂದಿದ್ದಾರೆ ಎಂದುಕೊಳ್ಳಿ. ಆ ಹೊಸಬರು ವಿಮಾನ ಹತ್ತಲು ಬಂದಾಗ ಎರಡರಲ್ಲಿ ಒಂದು ಆಗುತ್ತದೆ. ಮೊದಲಿನ 186 ಜನರಲ್ಲಿ 179 ಅಥವಾ ಅದಕ್ಕಿಂತ ಕಡಿಮೆ ಜನ ಬಂದಿದ್ದರೆ ಇವರಿಗೊಂದು ಖಾಲಿ ಸೀಟು ಇದೆ, ಕಂಪನಿಗೆ ₹5,000 ಲಾಭ. 180 ಅಥವಾ ಅದಕ್ಕಿಂತ ಹೆಚ್ಚು ಜನ ಬಂದಿದ್ದರೆ ವಿಮಾನ ಆಗಲೇ ಭರ್ತಿ, ₹15,000 ನಷ್ಟ.

186 ಜನರಲ್ಲಿ 180 ಅಥವಾ ಹೆಚ್ಚು ಜನ ಬರುವುದು ಎಂದರೆ ಬಾರದವರು 6 ಅಥವಾ ಕಡಿಮೆ ಎಂದರ್ಥ. ಬೈನಾಮಿಯಲ್ ಸೂತ್ರದಲ್ಲಿ 0ಯಿಂದ 6ರವರೆಗಿನ ಸಂಭವಗಳನ್ನು ಕೂಡಿದರೆ ಇದು ಶೇ 17.4 ಬರುತ್ತದೆ. ಉಳಿದ ಶೇ 82.6 ಸಂದರ್ಭದಲ್ಲಿ ಸೀಟು ಇರುತ್ತದೆ. ಲಾಭದ ಪಾಲು ಸುಮಾರು ₹4,130, ನಷ್ಟದ ಪಾಲು ಸುಮಾರು ₹2,610. ಮಾರಬಹುದು.

ಈಗ 188ನೆಯ ಟಿಕೆಟ್. 187 ಜನರಲ್ಲಿ ಬಾರದವರು 7 ಅಥವಾ ಕಡಿಮೆ ಇರುವ ಸಂಭವ ಶೇ 27.8. ಲಾಭದ ಪಾಲು ಸುಮಾರು ₹3,610ಕ್ಕೆ ಇಳಿಯಿತು, ನಷ್ಟದ ಪಾಲು ₹4,170ಕ್ಕೆ ಏರಿತು. ಇಲ್ಲಿಗೆ ನಿಲ್ಲಿಸಬೇಕು. ಉತ್ತರ 187, ಅಂದರೆ ಏಳು ಹೆಚ್ಚುವರಿ ಟಿಕೆಟ್.

ಗಮನಿಸಿ ನೋಡಿದರೆ ನಿಲ್ಲುವ ಜಾಗವನ್ನು ತೀರ್ಮಾನಿಸುವುದು ಒಂದೇ ಅನುಪಾತ. ಟಿಕೆಟ್ ದರವನ್ನು, ದರ ಮತ್ತು ನಷ್ಟಗಳ ಮೊತ್ತದಿಂದ ಭಾಗಿಸಿ. ಇಲ್ಲಿ 5,000 ಭಾಗಿಸು 20,000, ಅಂದರೆ ಕಾಲು ಭಾಗ. ವಿಮಾನ ಆಗಲೇ ಭರ್ತಿಯಾಗಿರುವ ಸಂಭವ ಶೇ 25ಕ್ಕಿಂತ ಕೆಳಗಿರುವ ತನಕ ಮಾರಬಹುದು, ದಾಟಿದ ಕೂಡಲೇ ನಿಲ್ಲಿಸಬೇಕು. ಪೈಥಾನ್ ಬಲ್ಲವರು ಇಷ್ಟು ಬರೆದರೆ ಸಾಕು:

```python
from math import comb

seats, p = 180, 0.05
fare, bump = 5000, 15000

n = seats
while True:
    full = sum(comb(n, j) * p**j * (1-p)**(n-j)
               for j in range(n - seats + 1))
    if full >= fare / (fare + bump):
        break
    n += 1
print(n)
```

ಇದು 187 ಎಂದು ತೋರಿಸುತ್ತದೆ.

ಏಳಕ್ಕೂ ಒಂಬತ್ತಕ್ಕೂ ಅಂಥ ವ್ಯತ್ಯಾಸ ಏನಿದೆ ಎನ್ನಬಹುದು. 187 ಮಾರಿದರೆ ಸುಮಾರು ಆರು ಹಾರಾಟಗಳಲ್ಲಿ ಒಂದರಲ್ಲಿ ಯಾರಾದರೂ ಹೊರಗೆ ಉಳಿಯುತ್ತಾರೆ. ನೂರು ಹಾರಾಟಕ್ಕೆ ಲೆಕ್ಕ ಹಾಕಿದರೆ ಸುಮಾರು 32 ಜನ. 189 ಮಾರಿದರೆ ಐದು ಹಾರಾಟಗಳಲ್ಲಿ ಎರಡರಲ್ಲಿ ಜಗಳ, ನೂರು ಹಾರಾಟಕ್ಕೆ ಸುಮಾರು 96 ಜನ. ಎರಡೇ ಟಿಕೆಟ್ ಹೆಚ್ಚು, ಹೊರಗೆ ಉಳಿದವರು ಮೂರು ಪಟ್ಟು! ಇಷ್ಟು ಮಾಡಿಯೂ ಕಂಪನಿಗೆ ಲಾಭ ಹೆಚ್ಚುವುದಿಲ್ಲ. 180 ಮಾತ್ರ ಮಾರುವುದಕ್ಕೆ ಹೋಲಿಸಿದರೆ 187ರಲ್ಲಿ ಪ್ರತಿ ಹಾರಾಟಕ್ಕೆ ಸುಮಾರು ₹26,800 ಹೆಚ್ಚು ಉಳಿಯುತ್ತದೆ, 189ರಲ್ಲಿ ಸುಮಾರು ₹23,500 ಮಾತ್ರ. ಅತಿ ಆಸೆ ಇಲ್ಲಿ ಅಂಕಿಯಲ್ಲೇ ಕಾಣುತ್ತದೆ.

ಎಲ್ಲರೂ ಬರುವುದು ಎಷ್ಟು ಅಪರೂಪ?

187 ಜನರೂ ಒಂದೇ ದಿನ ಬಂದುಬಿಡುವ ಸಂಭವ ಎಷ್ಟು? 0.95 ಅನ್ನು 187 ಸಲ ಗುಣಿಸಬೇಕು. ಉತ್ತರ ಸುಮಾರು 14,600ರಲ್ಲಿ ಒಂದು. ದಿನಕ್ಕೆ ಒಂದು ಹಾರಾಟ ಎಂದರೆ ನಲವತ್ತು ವರ್ಷಕ್ಕೊಮ್ಮೆ. ‘ಹಾಗಾದರೆ ತಲೆ ಕೆಡಿಸಿಕೊಳ್ಳುವುದು ಬೇಡ’ ಎಂದು ಇಲ್ಲಿಗೆ ಪುಸ್ತಕ ಮುಚ್ಚುವವರೇ ಹೆಚ್ಚು.

ಆದರೆ ಈ ಗುಣಾಕಾರದ ಹಿಂದೆ ಒಂದು ಷರತ್ತು ಅಡಗಿದೆ. ಪ್ರತಿಯೊಬ್ಬರೂ ಬರುವುದು, ಬಿಡುವುದು ಇನ್ನೊಬ್ಬರಿಗೆ ಸಂಬಂಧವಿಲ್ಲದೆ ನಡೆಯಬೇಕು. ಪರೀಕ್ಷೆಯಲ್ಲಿ ‘ಇಂಡಿಪೆಂಡೆಂಟ್ ಟ್ರಯಲ್ಸ್’ ಎಂದು ಎರಡು ಪದ ಬರೆದು ನಾವು ಮುಂದಕ್ಕೆ ಹೋಗುತ್ತೇವೆ. ನಿಜದ ಜನ ಹಾಗಿರುವುದಿಲ್ಲ. ಗಂಡ ಹೆಂಡತಿ ಒಟ್ಟಿಗೆ ಬರುತ್ತಾರೆ, ಒಟ್ಟಿಗೆ ತಪ್ಪಿಸಿಕೊಳ್ಳುತ್ತಾರೆ. ಮಗುವಿಗೆ ಹುಷಾರಿಲ್ಲ ಎಂದರೆ ನಾಲ್ಕೂ ಟಿಕೆಟ್ ಹೋಯಿತು. ಮದುವೆ ದಿಬ್ಬಣ ಹೊರಟರೆ ಇಡೀ ಗುಂಪೇ ಬರುತ್ತದೆ.

ಪ್ರಯಾಣಿಕರೆಲ್ಲ ಜೋಡಿಗಳು ಎಂದುಕೊಳ್ಳಿ. ಆಗ 187 ಬೇರೆ ಬೇರೆ ತೀರ್ಮಾನಗಳಿಲ್ಲ, ಸುಮಾರು 93 ಮಾತ್ರ. ಎಲ್ಲರೂ ಬರುವ ಸಂಭವ 120ರಲ್ಲಿ ಒಂದಕ್ಕೆ ಏರುತ್ತದೆ. ಎಲ್ಲರೂ ನಾಲ್ಕು ಜನರ ಕುಟುಂಬ ಎಂದುಕೊಂಡರೆ ಸುಮಾರು 47 ತೀರ್ಮಾನಗಳು, ಸಂಭವ ಹನ್ನೊಂದರಲ್ಲಿ ಒಂದು! ನೋ-ಶೋ ಸರಾಸರಿ ಮಾತ್ರ ಮೂರೂ ಕಡೆ ಅದೇ ಶೇ 5. ಸರಾಸರಿ ಅಲುಗಾಡದೇ ಇದ್ದರೂ ನಲವತ್ತು ವರ್ಷಕ್ಕೊಮ್ಮೆ ಬರಬೇಕಾದ ದಿನ ಹನ್ನೊಂದು ದಿನಕ್ಕೊಮ್ಮೆ ಬರಬಹುದು.

ನಮ್ಮ ವಿಮಾನ ಇವುಗಳಲ್ಲಿ ಯಾವ ಬಗೆಯದು ಎಂದು ತಿಳಿಯುವುದು ಹೇಗೆ? ಹಳೆಯ ದಾಖಲೆ ತೆಗೆದು ಪ್ರತಿ ಹಾರಾಟದಲ್ಲಿ ಎಷ್ಟು ಜನ ಬರಲಿಲ್ಲ ಎಂದು ಬರೆದುಕೊಳ್ಳಬೇಕು. ಸರಾಸರಿ ನೋಡಿದರೆ ಸಾಲದು, ವೇರಿಯನ್ಸ್ ತೆಗೆಯಬೇಕು. ಎಲ್ಲರೂ ಬಿಡಿಬಿಡಿಯಾಗಿ ಬರುವವರಾದರೆ ಅದು `n*p*(1-p)`ಗೆ ಹತ್ತಿರ ಇರುತ್ತದೆ, ನಮ್ಮ ಉದಾಹರಣೆಯಲ್ಲಿ ಸುಮಾರು 8.9. ದಾಖಲೆಯಲ್ಲಿ 18ರ ಆಸುಪಾಸು ಬಂದರೆ ಜನ ಜೋಡಿಯಾಗಿ ವರ್ತಿಸುತ್ತಿದ್ದಾರೆ, 35ರ ಹತ್ತಿರ ಬಂದರೆ ನಾಲ್ಕು ನಾಲ್ಕಾಗಿ. ಏರುಪೇರು ಹೆಚ್ಚಿದಷ್ಟೂ ಮಾರುವ ಹೆಚ್ಚುವರಿ ಟಿಕೆಟ್ ಕಡಿಮೆಯಾಗಬೇಕು. ನಾಲ್ಕರ ಗುಂಪುಗಳಿದ್ದರೆ ನಮ್ಮ ಏಳು ಸುಮಾರು ಐದಕ್ಕೆ ಇಳಿಯುತ್ತದೆ.

ಇನ್ನೊಂದು ಅಪಾಯ, ದರವೇ ಬದಲಾಗುವುದು. ವರ್ಷದ ಸರಾಸರಿ ಶೇ 5 ಇದ್ದರೂ ದೀಪಾವಳಿಯ ಹಿಂದಿನ ದಿನ ಊರಿಗೆ ಹೋಗುವವರು ತಪ್ಪಿಸಿಕೊಳ್ಳುತ್ತಾರೆಯೇ? ಆ ದಿನ ನೋ-ಶೋ ಶೇ 2ಕ್ಕೆ ಇಳಿಯಿತು ಎಂದುಕೊಳ್ಳಿ. ಬಾರದವರು ಸರಾಸರಿ ನಾಲ್ಕು ಜನವೂ ಇಲ್ಲ. ಅದೇ 187 ಮಾರಿದ್ದರೆ ಸರಾಸರಿ ಮೂವರಿಗಿಂತ ಹೆಚ್ಚು ಜನ ಹೊರಗೆ ನಿಲ್ಲುತ್ತಾರೆ, ಮಾಮೂಲಿ ದಿನದ ಹತ್ತು ಪಟ್ಟು. ಅದಕ್ಕೇ ಒಂದೇ ಅಂಕಿಯನ್ನು ವರ್ಷವಿಡೀ ಬಳಸುವಂತಿಲ್ಲ. ಮಾರ್ಗ, ವಾರ, ಹೊತ್ತು, ಹಬ್ಬ ಇವುಗಳ ಪ್ರಕಾರ ಬೇರೆ ಬೇರೆಯಾಗಿ ಲೆಕ್ಕ ಇಡಬೇಕು.

ಕೌಂಟರ್ ಮುಂದೆ ನಿಂತವರು

ಲೆಕ್ಕ ಎಷ್ಟೇ ಸರಿಯಿದ್ದರೂ ಒಂದು ದಿನ ಸೀಟಿಗಿಂತ ಹೆಚ್ಚು ಜನ ಬಂದೇ ಬರುತ್ತಾರೆ. ಆಗ ಏನು?

ನಮ್ಮ ಕಾಲೇಜಿನ ಸೀನಿಯರ್ ಅಕ್ಕ ಒಬ್ಬರು ಕಳೆದ ವರ್ಷ ಪುಣೆಯಲ್ಲಿ ಸಂದರ್ಶನಕ್ಕೆ ಹೊರಟಿದ್ದರು. ಬೆಳಗಿನ ವಿಮಾನ, ಕನ್ಫರ್ಮ್ ಆದ ಟಿಕೆಟ್, ಹೊತ್ತಿಗೆ ಸರಿಯಾಗಿ ಕೌಂಟರ್‌ಗೆ ಹೋಗಿದ್ದಾರೆ. ‘ಮೇಡಂ, ಸೀಟು ಭರ್ತಿಯಾಗಿದೆ, ಸಂಜೆಯ ವಿಮಾನದಲ್ಲಿ ಕಳಿಸುತ್ತೇವೆ’ ಎಂದರಂತೆ. ಸಂದರ್ಶನ ಇದ್ದದ್ದು ಬೆಳಿಗ್ಗೆ ಹನ್ನೊಂದಕ್ಕೆ.

‘ಪರಿಹಾರ ಕೊಟ್ಟರಾ ಅಕ್ಕ?’ ಎಂದು ಕೇಳಿದೆ.

‘ಹಾಗೊಂದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ ಕಣೋ. ಅವರೂ ಹೇಳಲಿಲ್ಲ. ನನ್ನ ಪಕ್ಕ ನಿಂತಿದ್ದ ಅಂಕಲ್ ಒಬ್ಬರು ರಜೆಗೆ ಹೊರಟಿದ್ದರು, ಸಂಜೆ ಹೋದರೂ ನಡೆಯುತ್ತೆ ಅನ್ನುತ್ತಿದ್ದರು. ಅವರನ್ನು ಯಾರೂ ಕೇಳಲೇ ಇಲ್ಲ’ ಎಂದರು.

ಅಕ್ಕನ ಕೊನೆಯ ಮಾತಿನಲ್ಲೇ ಉತ್ತರ ಇದೆ. ನಮ್ಮ ಲೆಕ್ಕದಲ್ಲಿ ಹೊರಗುಳಿದ ಪ್ರತಿಯೊಬ್ಬರಿಗೂ ₹15,000 ಎಂದು ಒಂದೇ ಬೆಲೆ ಕಟ್ಟಿದೆವು. ಅದು ಕಂಪನಿಯ ನಷ್ಟ. ಪ್ರಯಾಣಿಕರ ನಷ್ಟ ಒಬ್ಬೊಬ್ಬರಿಗೆ ಒಂದೊಂದು. ಸಂದರ್ಶನ ತಪ್ಪಿದವರಿಗೆ ಅದು ಲಕ್ಷಗಳಲ್ಲಿ ಇರಬಹುದು, ರಜೆಗೆ ಹೊರಟವರಿಗೆ ಒಂದು ಊಟದಷ್ಟು. ಯಾರಿಗೆ ಕಡಿಮೆ ಎಂದು ಕೌಂಟರ್‌ನಲ್ಲಿ ಕುಳಿತವರಿಗೆ ಮುಖ ನೋಡಿ ಗೊತ್ತಾಗುವುದಿಲ್ಲ. ಕೇಳಿದರೆ ಗೊತ್ತಾಗುತ್ತದೆ.

ಇದನ್ನು 1968ರಲ್ಲೇ ಹೇಳಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್. ಸೀಟಿಗಿಂತ ಹೆಚ್ಚು ಜನ ಬಂದಾಗ ಎಲ್ಲರಿಗೂ ಒಂದು ಚೀಟಿ ಕೊಡಿ, ಎಷ್ಟು ಹಣ ಕೊಟ್ಟರೆ ಮುಂದಿನ ವಿಮಾನಕ್ಕೆ ಕಾಯುತ್ತೀರಿ ಎಂದು ಬರೆಯಲಿ, ಅತಿ ಕಡಿಮೆ ಕೇಳಿದವರಿಗೆ ಅಷ್ಟು ಕೊಟ್ಟು ಉಳಿಸಿಕೊಳ್ಳಿ ಎಂಬುದು ಅವರ ಸಲಹೆ. ಕಂಪನಿಗಳು ಮೊದಲು ಒಪ್ಪಲಿಲ್ಲ. ಅಷ್ಟರಲ್ಲಿ 1972ರಲ್ಲಿ ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್ ಅವರಿಗೇ ಅಲಿಗೇನಿ ಏರ್‌ಲೈನ್ಸ್ ಸೀಟು ಇಲ್ಲ ಎಂದಿತು. ಅವರು ನ್ಯಾಯಾಲಯಕ್ಕೆ ಹೋದರು. ಪ್ರಕರಣ 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಬಂತು. ಆ ದಶಕ ಮುಗಿಯುವ ಹೊತ್ತಿಗೆ, ಬಲವಂತವಾಗಿ ಯಾರನ್ನೂ ಬಿಡುವ ಮೊದಲು ಸ್ವಇಚ್ಛೆಯಿಂದ ಉಳಿಯುವವರನ್ನು ಕೇಳಲೇಬೇಕು ಎಂಬ ನಿಯಮ ಅಲ್ಲಿ ಬಂತು.

ಈ ಹರಾಜನ್ನು ಅರ್ಧಕ್ಕೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ 2017ರ ಏಪ್ರಿಲ್ 9ರ ಘಟನೆ ಸಾಕ್ಷಿ. ಶಿಕಾಗೊದಿಂದ ಲೂಯಿವಿಲ್‌ಗೆ ಹೊರಟಿದ್ದ ಯುನೈಟೆಡ್ ಎಕ್ಸ್‌ಪ್ರೆಸ್ ವಿಮಾನದಲ್ಲಿ ಪ್ರಯಾಣಿಕರೆಲ್ಲ ಕುಳಿತಾಗಿತ್ತು. ಕಂಪನಿಯ ನಾಲ್ವರು ಸಿಬ್ಬಂದಿಗೆ ಸೀಟು ಬೇಕಾಯಿತು. ಮೊದಲು 400, ಆಮೇಲೆ 800 ಡಾಲರ್ ಎಂದರು. ಯಾರೂ ಏಳಲಿಲ್ಲ. ಬೆಲೆ ಏರಿಸುವುದನ್ನು ಅಲ್ಲಿಗೇ ಬಿಟ್ಟು ಕಂಪ್ಯೂಟರ್‌ನಿಂದ ನಾಲ್ಕು ಹೆಸರು ತೆಗೆದರು. ಅವರಲ್ಲೊಬ್ಬರಾಗಿದ್ದ ವೈದ್ಯರು ಏಳಲು ಒಪ್ಪದಿದ್ದಾಗ ಭದ್ರತಾ ಸಿಬ್ಬಂದಿ ಅವರನ್ನು ಎಳೆದೊಯ್ದರು. ವಿಡಿಯೊ ಜಗತ್ತನ್ನೆಲ್ಲ ಸುತ್ತಿತು. ಅದೇ ತಿಂಗಳು ಕಂಪನಿ ತನ್ನ ಮಿತಿಯನ್ನು 10,000 ಡಾಲರ್‌ಗೆ ಏರಿಸಿತು. ಕೇಳುವುದಾದರೆ ವಿಮಾನ ಹತ್ತುವ ಮೊದಲೇ ಕೇಳಬೇಕು, ಯಾರಾದರೂ ಒಪ್ಪುವ ತನಕ ಬೆಲೆ ಏರಿಸುತ್ತಾ ಹೋಗಬೇಕು ಎಂಬ ಎರಡು ಪಾಠ ಇದರಲ್ಲಿವೆ.

ನಮ್ಮಲ್ಲಿ ನಿಯಮ ಏನು ಹೇಳುತ್ತದೆ?

ಭಾರತದಲ್ಲಿ ಇದನ್ನು ನೋಡಿಕೊಳ್ಳುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಂದರೆ ಡಿಜಿಸಿಎ. ಇಲ್ಲೂ ಮೊದಲ ಹೆಜ್ಜೆ ಸ್ವಇಚ್ಛೆಯಿಂದ ಬಿಟ್ಟುಕೊಡುವವರನ್ನು ಕೇಳುವುದು. ಅವರಿಗೆ ಏನು ಕೊಡಬೇಕು ಎಂಬುದು ಕಂಪನಿಯ ವಿವೇಚನೆ. ಯಾರೂ ಒಪ್ಪದೆ, ಕನ್ಫರ್ಮ್ ಟಿಕೆಟ್ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಬಂದವರನ್ನು ಬಲವಂತವಾಗಿ ಬಿಟ್ಟರೆ ಪರಿಹಾರ ಕೊಡಬೇಕು. 2016ರ ಆಗಸ್ಟ್‌ನಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಹೊರಡಬೇಕಿದ್ದ ಸಮಯದಿಂದ ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಟ್ಟರೆ ಪರಿಹಾರ ಇಲ್ಲ. ಒಂದು ಗಂಟೆ ದಾಟಿ, 24 ಗಂಟೆಯೊಳಗೆ ಕಳಿಸಿದರೆ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕದ ಎರಡು ಪಟ್ಟು, ಗರಿಷ್ಠ ₹10,000. 24 ಗಂಟೆಯೂ ದಾಟಿದರೆ ನಾಲ್ಕು ಪಟ್ಟು, ಗರಿಷ್ಠ ₹20,000. ಬೇರೆ ವಿಮಾನವೇ ಬೇಡ ಎಂದರೆ ಟಿಕೆಟ್ ಹಣ ಪೂರ್ತಿ ವಾಪಸ್, ಅದರ ಮೇಲೆ ನಾಲ್ಕು ಪಟ್ಟು, ಗರಿಷ್ಠ ₹20,000.

ಉದಾಹರಣೆಗೆ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ₹4,000 ಇದ್ದು, ಬೆಳಗಿನ ಬದಲು ಸಂಜೆ ಕಳಿಸಿದರೆ ₹8,000 ಸಿಗಬೇಕು. ಮರುದಿನ ಸಂಜೆಗೆ ಕಳಿಸಿದರೆ ₹16,000. ಟಿಕೆಟ್‌ಗೆ ಕೊಟ್ಟ ಒಟ್ಟು ಹಣದ ಮೇಲೆ ಇದನ್ನು ಎಣಿಸುವುದಿಲ್ಲ. ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ಇತ್ಯಾದಿ ಈ ಲೆಕ್ಕಕ್ಕೆ ಸೇರುವುದಿಲ್ಲ.

ನಿಯಮ ಕಾಗದದಲ್ಲಷ್ಟೇ ಉಳಿಯುವ ಸಂದರ್ಭಗಳೂ ಇವೆ. ಟಿಕೆಟ್ ಇದ್ದವರಿಗೆ ಸೀಟು ನಿರಾಕರಿಸಿ ಪರಿಹಾರವನ್ನೂ ಕೊಡದ ಪ್ರಕರಣಗಳಿಗಾಗಿ 2022ರ ಜೂನ್‌ನಲ್ಲಿ ಡಿಜಿಸಿಎ ಏರ್ ಇಂಡಿಯಾಕ್ಕೆ ₹10 ಲಕ್ಷ ದಂಡ ಹಾಕಿತ್ತು. ತಪಾಸಣೆ ನಡೆದ ನಿಲ್ದಾಣಗಳಲ್ಲಿ ಬೆಂಗಳೂರೂ ಒಂದು. ಹಾಗಾಗಿ ಇಂಥ ಪರಿಸ್ಥಿತಿ ಎದುರಾದರೆ ‘ಡಿನೈಡ್ ಬೋರ್ಡಿಂಗ್’ ಎಂಬ ಪದವನ್ನೇ ಬಳಸಿ ಕೇಳಿ, ಸೀಟು ಕೊಡದಿರುವ ಕಾರಣವನ್ನು ಬರೆದುಕೊಡಲು ಹೇಳಿ. ಸ್ವಇಚ್ಛೆಯಿಂದ ಬಿಟ್ಟುಕೊಡುವುದಾದರೆ ಮುಂದಿನ ವಿಮಾನದಲ್ಲಿ ಸೀಟು ಖಚಿತವೇ ಎಂದು ಮೊದಲು ಕೇಳಿ, ಹಣದ ಮಾತು ಆಮೇಲೆ. ಸಂದರ್ಶನ, ಪರೀಕ್ಷೆಗೆ ಹೊರಟವರು ವೆಬ್ ಚೆಕ್-ಇನ್ ತೆರೆದ ಕೂಡಲೇ ಸೀಟು ಹಿಡಿದುಕೊಳ್ಳುವುದು ಒಳ್ಳೆಯದು. ಕೊನೆಯಲ್ಲಿ ಬಂದವರಿಗೆ ಸೀಟು ನಂಬರ್ ಸಿಗದೇ ಇರುವುದೇ ಹೆಚ್ಚು.

ಆರ್‌ಎಸಿ ಎಂಬ ನಮ್ಮದೇ ಉತ್ತರ

ವಿಮಾನ ಹತ್ತದವರಿಗೂ ಈ ಲೆಕ್ಕ ಹೊಸದಲ್ಲ. ರೈಲಿನಲ್ಲಿ ಆರ್‌ಎಸಿ ಟಿಕೆಟ್ ಹಿಡಿದು ಸೈಡ್ ಲೋಯರ್ ಬರ್ತಿನಲ್ಲಿ ಅಪರಿಚಿತರೊಬ್ಬರ ಜೊತೆ ಕುಳಿತು ಹೋದವರು ನಮ್ಮಲ್ಲಿ ಎಷ್ಟು ಮಂದಿ! ರೈಲ್ವೆ ಅಲ್ಲಿ ಮಾಡುವುದೂ ಬರ್ತಿಗಿಂತ ಹೆಚ್ಚು ಜನರಿಗೆ ಟಿಕೆಟ್ ಕೊಡುವುದನ್ನೇ. ಯಾರಾದರೂ ಬಾರದೇ ಇದ್ದರೆ ಟಿಟಿಇ ಆ ಬರ್ತನ್ನು ಆರ್‌ಎಸಿಯವರಿಗೆ ಕೊಡುತ್ತಾರೆ. ಎಲ್ಲರೂ ಬಂದರೆ? ಒಂದು ಬರ್ತಿನಲ್ಲಿ ಇಬ್ಬರು ಕುಳಿತು ಪ್ರಯಾಣ. ನಿದ್ದೆ ಹೋಯಿತು, ಆದರೆ ಊರು ತಲುಪಿದರು.

ವ್ಯತ್ಯಾಸ ಎರಡು ಕಡೆ ಇದೆ. ರೈಲ್ವೆ ಟಿಕೆಟ್ ಕೊಡುವಾಗಲೇ ‘ನಿಮ್ಮದು ಆರ್‌ಎಸಿ’ ಎಂದು ಹೇಳಿಬಿಡುತ್ತದೆ, ವಿಮಾನದಲ್ಲಿ 187 ಜನರಿಗೂ ‘ಕನ್ಫರ್ಮ್’ ಎಂದೇ ಹೇಳಿರುತ್ತಾರೆ. ಹಾಗೆಯೇ ಎಲ್ಲರೂ ಬಂದಾಗ ಆಗುವ ನಷ್ಟ ರೈಲಿನಲ್ಲಿ ಒಂದು ರಾತ್ರಿಯ ನಿದ್ದೆ, ವಿಮಾನದಲ್ಲಿ ಒಂದು ದಿನ. ನಷ್ಟ ಕಡಿಮೆ ಇರುವುದರಿಂದಲೇ ರೈಲ್ವೆ ಧಾರಾಳವಾಗಿ ಆರ್‌ಎಸಿ ಟಿಕೆಟ್ ಕೊಡಲು ಸಾಧ್ಯವಾಗಿದೆ.

ಇದನ್ನು ನಮ್ಮ ಅನುಪಾತಕ್ಕೆ ಹಾಕಿ ನೋಡಿ. ಕಂಪನಿ ಹಿಂದಿನ ರಾತ್ರಿಯೇ ಚೆಕ್-ಇನ್ ಸಂಖ್ಯೆ ನೋಡಿ, ರಜೆಗೆ ಹೊರಟ ಅಂಕಲ್‌ನಂಥವರನ್ನು ಮೆಸೇಜ್ ಮೂಲಕ ಕೇಳಿ, ಒಬ್ಬರಿಗೆ ₹5,000 ಖರ್ಚಿನಲ್ಲಿ ಒಪ್ಪಿಸಿತು ಎಂದುಕೊಳ್ಳಿ. ಅನುಪಾತ 5,000 ಭಾಗಿಸು 10,000, ಅಂದರೆ ಅರ್ಧ. ಪ್ರೋಗ್ರಾಮ್‌ನಲ್ಲಿ `bump` ಜಾಗದಲ್ಲಿ 5000 ಹಾಕಿದರೆ ಉತ್ತರ 189. ಮೊದಲು ಅತಿ ಆಸೆ ಎನಿಸಿದ ಒಂಬತ್ತು ಈಗ ಸರಿಯಾದ ಉತ್ತರ. ಬದಲಿಗೆ ಹೊರಗುಳಿಯುವವರು ಅಕ್ಕನಂಥವರೇ, ಒಬ್ಬೊಬ್ಬರ ನಷ್ಟ ₹95,000, ಅದನ್ನು ಕಂಪನಿಯೇ ಭರಿಸಬೇಕು ಎಂದಿದ್ದರೆ ಉತ್ತರ 185ಕ್ಕೆ ಇಳಿಯುತ್ತದೆ. ಮುಂದಿನ ವಿಮಾನವೇ ಇಲ್ಲದ ಕಡೆ, ಒಂದೇ ದಿನ ನಡೆಯುವ ಪರೀಕ್ಷೆಯ ಹಾಲ್‌ನಲ್ಲಿ, ನಷ್ಟಕ್ಕೆ ಬೆಲೆ ಕಟ್ಟಲಾಗುವುದಿಲ್ಲ. ಅಲ್ಲಿ ಒಂದು ಸೀಟನ್ನೂ ಹೆಚ್ಚಿಗೆ ಕೊಡುವಂತಿಲ್ಲ.

ಎಷ್ಟು ಹೆಚ್ಚಿಗೆ ಮಾರಬೇಕು, ಎಲ್ಲರೂ ಬಂದರೆ ಏನು ಮಾಡಬೇಕು ಎಂಬುದನ್ನು ನಾವು ಎರಡು ಪ್ರಶ್ನೆಗಳಂತೆ ನೋಡುತ್ತೇವೆ. ಮೊದಲನೆಯದು ಆಫೀಸಿನಲ್ಲಿ ಕುಳಿತವರ ಲೆಕ್ಕ, ಎರಡನೆಯದು ಕೌಂಟರ್‌ನಲ್ಲಿ ನಿಂತವರ ಪಾಡು ಎಂದುಕೊಳ್ಳುತ್ತೇವೆ. ಸೂತ್ರ ಹಾಗೆ ಹೇಳುವುದಿಲ್ಲ. ಎರಡನೆಯದಕ್ಕೆ ಉತ್ತರ ಬರೆಯದೆ ಮೊದಲನೆಯದರ ಅನುಪಾತದಲ್ಲಿ ಹಾಕಲು ಅಂಕಿಯೇ ಇರುವುದಿಲ್ಲ. ಮೊದಲು ತೀರ್ಮಾನಿಸಬೇಕಾದದ್ದು ಸೀಟು ಸಿಗದೆ ನಿಂತವರಿಗೆ ಏನು ಕೊಡುತ್ತೇವೆ ಎಂಬುದನ್ನು. ಎಷ್ಟು ಟಿಕೆಟ್ ಮಾರಬಹುದು ಎಂಬುದನ್ನು ಆಮೇಲೆ ಕ್ಯಾಲ್ಕುಲೇಟರ್ ಹೇಳುತ್ತದೆ.